ಭಾನುವಾರಕ್ಕೂ ಸಂಬಳ ಹಿಡಿದಿದ್ದೆ: ಎಲ್‌ಓಪಿ ಲೆಕ್ಕದಲ್ಲಿ ನಾನು ಕಲಿತದ್ದು

ಸಂಬಳದ ವಿಭಾಗದಲ್ಲಿ ಕೂತವರಿಗೆ ತಿಂಗಳ ಮೊದಲ ವಾರ ಬಾಗಿಲ ಕಡೆ ಬೆನ್ನು ಹಾಕಿ ಕೂರಬೇಕು ಅನ್ನಿಸುತ್ತದೆ. ಪೇ ಸ್ಲಿಪ್ ಕೈಗೆ ಸಿಕ್ಕಿದ ಮೇಲೆ ಯಾರಾದರೂ ಬಂದೇ ಬರುತ್ತಾರೆ. ಆ ಜುಲೈನಲ್ಲಿ ಬಂದವರು ಪ್ಯಾಕಿಂಗ್ ವಿಭಾಗದ ಒಬ್ಬರು. ಸ್ಲಿಪ್‌ನ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಗುಣಾಕಾರ ಮಾಡಿಕೊಂಡು ಬಂದಿದ್ದರು. ಜಗಳವಿಲ್ಲ, ಜೋರು ದನಿಯಿಲ್ಲ. "ಸಾರ್, ಆರು ದಿನ ಬಂದಿಲ್ಲ, ಒಪ್ಕೋತೀನಿ. ಆದ್ರೆ ಭಾನುವಾರ ಯಾರೂ ಬಂದಿರ್ಲಿಲ್ವಲ್ಲ. ಅದಕ್ಕೂ ನಂದೊಬ್ಬನ್ದೇ ಯಾಕೆ ಹಿಡಿದ್ರಿ?"

ಅವರ ತಿಂಗಳ ಸಂಬಳ 23,400 ರೂಪಾಯಿ. ವಾರಕ್ಕೆ ಆರು ದಿನ ಕೆಲಸ, ಭಾನುವಾರ ರಜೆ. ಜೂನ್ 8ರ ಗುರುವಾರದಿಂದ 14ರ ಬುಧವಾರದವರೆಗೆ ಊರಿಗೆ ಹೋಗಿದ್ದರು. ಖಾತೆಯಲ್ಲಿ ರಜೆ ಉಳಿದಿರಲಿಲ್ಲ, ಹಾಗಾಗಿ ಅಷ್ಟೂ ದಿನ ಎಲ್‌ಓಪಿ, ಅಂದರೆ ಸಂಬಳವಿಲ್ಲದ ರಜೆ. ನಾವು ಹಿಡಿದದ್ದು 6,300 ರೂಪಾಯಿ.

ನಾನು ಮೊದಲು ಶೀಟ್ ತೆರೆದು, ಸೂತ್ರ ನೋಡಿ, "ಸರಿಯಾಗೇ ಇದೆಯಲ್ಲ" ಅಂದೆ. ಸೂತ್ರದಲ್ಲಿ ನಿಜಕ್ಕೂ ತಪ್ಪಿರಲಿಲ್ಲ:

```
=ROUND(B2*D2/C2,0)
```

B ಎಂದರೆ ಸಂಬಳ, C ಎಂದರೆ ಭಾಜಕ, D ಎಂದರೆ ಎಲ್‌ಓಪಿ ದಿನಗಳು. C ಕಾಲಮ್ಮಿನಲ್ಲಿ ಎಂದಿನಂತೆ 26 ಇತ್ತು. D ಕಾಲಮ್ಮಿನಲ್ಲಿ 7 ಇತ್ತು. ಎಡವಟ್ಟು ಇದ್ದದ್ದು ಈ ಎರಡರ ನಡುವೆ.

ಹಿಂದೆ ಹಾಜರಿಯನ್ನು ಮೇಲ್ವಿಚಾರಕರು ಪುಸ್ತಕ ನೋಡಿ ಎಣಿಸಿ ಕೊಡುತ್ತಿದ್ದರು, ಕೆಲಸದ ದಿನಗಳನ್ನು ಮಾತ್ರ. ಆ ವರ್ಷ ಬಂದ ಹೊಸ ಹಾಜರಿ ಸಾಫ್ಟ್‌ವೇರ್‌ನಲ್ಲಿ, ಎರಡು ಗೈರುಹಾಜರಿಗಳ ನಡುವೆ ಸಿಕ್ಕಿದ ವಾರದ ರಜೆಯನ್ನೂ ಗೈರು ಎಂದೇ ಎಣಿಸುವ ಆಯ್ಕೆ ಚಾಲೂ ಇತ್ತು. ನಮ್ಮ ಕಡೆ ಇದಕ್ಕೆ ಸ್ಯಾಂಡ್‌ವಿಚ್ ಅನ್ನುತ್ತಾರೆ. ಹಾಜರಿ ವಿಭಾಗ ಕ್ಯಾಲೆಂಡರ್ ಪ್ರಕಾರ ಎಣಿಸಿತು, ನಾನು ಕೆಲಸದ ದಿನದ ಪ್ರಕಾರ ಭಾಗಿಸಿದೆ.

ಇದರಲ್ಲಿ ತಪ್ಪೇನು ಎಂದು ನನಗೆ ಹೊಳೆದದ್ದು 26 ಎಲ್ಲಿಂದ ಬಂತು ಎಂದು ಯೋಚಿಸಿದಾಗ. 30 ದಿನದ ತಿಂಗಳಲ್ಲಿ 4 ಭಾನುವಾರ ಕಳೆದರೆ 26. ಸಂಬಳ ಇಡೀ ತಿಂಗಳದ್ದು, ಅದನ್ನು 26 ದಿನಗಳ ಮೇಲೆ ಮಾತ್ರ ಹಂಚಿದಾಗ ದಿನಕ್ಕೆ 900 ಬರುತ್ತದೆ. 30ರ ಮೇಲೆ ಹಂಚಿದರೆ 780. ನಡುವಿನ 120 ರೂಪಾಯಿ ಭಾನುವಾರಗಳ ಪಾಲು, ಪ್ರತಿ ಕೆಲಸದ ದಿನದ ಬೆನ್ನಿಗೂ ಒಂದಿಷ್ಟು ಕಟ್ಟಿಟ್ಟ ಹಾಗೆ. ಆ ಮನುಷ್ಯನಿಂದ ಆರು ದಿನಕ್ಕೆ ತಲಾ 900 ಹಿಡಿದಾಗಲೇ ಭಾನುವಾರದ ಪಾಲು ಹೋಗಿಬಿಟ್ಟಿತ್ತು. ಏಳನೇ ದಿನವೆಂದು ಇನ್ನೊಂದು 900 ಹಿಡಿದದ್ದು ಅದೇ ಭಾನುವಾರವನ್ನು ಎರಡನೇ ಸಲ ಕಿತ್ತುಕೊಂಡ ಹಾಗಾಯಿತು.

ಎರಡೂ ಕಡೆ ಒಂದೇ ಅಳತೆ ಇಟ್ಟರೆ ಉತ್ತರಗಳು ಹತ್ತಿರ ಹತ್ತಿರ ಬರುತ್ತವೆ. ಆರು ಕೆಲಸದ ದಿನ, ಭಾಜಕ 26: 5,400. ಏಳು ಕ್ಯಾಲೆಂಡರ್ ದಿನ, ಭಾಜಕ 30: 5,460. ವ್ಯತ್ಯಾಸ 60 ರೂಪಾಯಿ. ಅಳತೆ ಬೆರೆತಾಗ ಮಾತ್ರ ಅದು 6,300ಕ್ಕೆ ಜಿಗಿಯಿತು. ಉಲ್ಟಾ ಬೆರೆತು, ಆರು ದಿನವನ್ನು 30ರಿಂದ ಭಾಗಿಸಿದ್ದರೆ 4,680 ಆಗುತ್ತಿತ್ತು. ಆಗ ಯಾರೂ ಪೆನ್ಸಿಲ್ ಹಿಡಿದು ನನ್ನ ಟೇಬಲ್ಲಿಗೆ ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಮನ್ನು ನಾನು ಪೂರ್ತಿ ಓದಿದ್ದು ಆವತ್ತು ಸಂಜೆಯೇ. ಗೈರುಹಾಜರಿಗೆ ಎಷ್ಟು ಹಿಡಿಯಬಹುದು ಎಂಬುದಕ್ಕೆ ಅದು ಒಂದು ಅನುಪಾತ ಹೇಳುತ್ತದೆ: ಆ ವೇತನದ ಅವಧಿಯಲ್ಲಿ ನೌಕರ ಕೆಲಸ ಮಾಡಬೇಕಿದ್ದ ಒಟ್ಟು ಕಾಲದಲ್ಲಿ ಎಷ್ಟು ಪಾಲು ಗೈರಾಗಿದ್ದನೋ, ಸಂಬಳದಲ್ಲಿ ಅದಕ್ಕಿಂತ ಹೆಚ್ಚಿನ ಪಾಲು ಹಿಡಿಯುವಂತಿಲ್ಲ. 2019ರ ವೇತನ ಸಂಹಿತೆಯಲ್ಲೂ ಇದೇ ಮಾತಿದೆ. ಜೂನ್‌ನಲ್ಲಿ ಅವರು ದುಡಿಯಬೇಕಿದ್ದದ್ದು 26 ದಿನ, ಗೈರಾದದ್ದು 6. ಅಂದರೆ ಮಿತಿ 5,400. ನಮ್ಮ 6,300 ಬಿಡಿ, 30ರ ಲೆಕ್ಕದ 5,460 ಕೂಡ ಅರವತ್ತು ರೂಪಾಯಿ ಹೆಚ್ಚೇ.

ಹಾಗಾದರೆ 26 ಸುರಕ್ಷಿತವೇ? ನಾನೂ ಹಾಗೇ ಅಂದುಕೊಂಡಿದ್ದೆ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ ಆಗಿದ್ದ ಕಾಯ್ದೆಯಲ್ಲಿ ತಿಂಗಳ ಸಂಬಳವನ್ನು 26ರಿಂದ ಭಾಗಿಸಬೇಕು ಎಂದು ಬರೆದೇ ಇತ್ತು. ಆ 26 ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಎಲ್‌ಓಪಿಗೂ ಅದೇ ಕಾನೂನು ಎಂದು ಹಿರಿಯರೇ ಹೇಳಿಬಿಡುತ್ತಾರೆ. ಅದು ಗ್ರಾಚ್ಯುಟಿಯ ಲೆಕ್ಕ. ಇಲ್ಲಿಗೆ ತಂದರೆ ತಿಂಗಳ ಅಂಚಿನಲ್ಲಿ ಕೆಡುತ್ತದೆ.

ಹೇಗೆ ಕೆಡುತ್ತದೆ ಎಂದು ನೋಡಲು ನಾನು ಎರಡು ಸುಳ್ಳು ನೌಕರರನ್ನು ಶೀಟಿಗೆ ಸೇರಿಸಿದೆ. ಒಬ್ಬ ಇಡೀ ತಿಂಗಳು ಬಂದೇ ಇಲ್ಲ. ಇನ್ನೊಬ್ಬ ಒಂದೇ ಒಂದು ದಿನ ಬಂದಿದ್ದಾನೆ. ಮೊದಲನೆಯವನಿಗೆ ಸೊನ್ನೆ ಬರಬೇಕು, ಎರಡನೆಯವನಿಗೆ ಸರಿಯಾಗಿ ಒಂದು ದಿನದ ಕೂಲಿ ಬರಬೇಕು. 28 ದಿನದ ಫೆಬ್ರವರಿಯಲ್ಲಿ ಕೆಲಸದ ದಿನ 24. ಇಡೀ ತಿಂಗಳು ಬಾರದವನಿಗೆ 24 ದಿನಕ್ಕೆ ತಲಾ 900ರಂತೆ 21,600 ಹಿಡಿದರೆ ಮನೆಯಲ್ಲಿ ಕೂತವನಿಗೆ 1,800 ಸಿಗುತ್ತದೆ! 4 ಭಾನುವಾರಗಳಿರುವ 31 ದಿನದ ತಿಂಗಳಲ್ಲಿ ಕೆಲಸದ ದಿನ 27. ಅಲ್ಲಿ ಒಂದು ದಿನ ಬಂದವನಿಗೆ 26 ದಿನದ ಕಟ್, ಅಂದರೆ 23,400 ಪೂರ್ತಿ. ದುಡಿದ ಒಂದು ದಿನಕ್ಕೆ ಸೊನ್ನೆ. ಇವರಿಬ್ಬರನ್ನು ನಾನು ಇನ್ನೂ ಶೀಟಿನಿಂದ ತೆಗೆದಿಲ್ಲ. ಸಾಫ್ಟ್‌ವೇರ್ ಯಾವುದೇ ಬರಲಿ, ಮೊದಲು ಇವರ ಸಂಬಳ ನೋಡುತ್ತೇನೆ.

ಕಡೆಗೆ ನಾವು ಇಟ್ಟುಕೊಂಡ ಭಾಜಕ ಆ ತಿಂಗಳಿನ ನಿಜವಾದ ಕೆಲಸದ ದಿನಗಳು. ಎಲ್‌ಓಪಿ ಎಣಿಕೆಯೂ ಕೆಲಸದ ದಿನಗಳದ್ದೇ. ಸಂಬಳ ಸಹಿತ ಹಬ್ಬದ ರಜೆ ಬಂದರೆ ಅದನ್ನು ಎರಡು ಕಡೆಯಿಂದಲೂ ಬಿಡುತ್ತೇವೆ. ಸ್ಯಾಂಡ್‌ವಿಚ್ ಆಯ್ಕೆ ಬಂದ್. ಇದಕ್ಕೆ ಆಡಳಿತದವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ಪ್ರತಿ ತಿಂಗಳೂ ದರ ಬದಲಾದರೆ ಜನ ಗೊಂದಲ ಮಾಡ್ಕೋತಾರೆ" ಎಂಬುದು ಅವರ ತಕರಾರು. ಅದೂ ನಿಜವೇ, ಅಲ್ಲಗಳೆಯುವುದಿಲ್ಲ. ಆ ಎರಡು ಸುಳ್ಳು ನೌಕರರ ಸ್ಲಿಪ್ ಮುದ್ರಿಸಿ ಮುಂದಿಟ್ಟ ಮೇಲೆ ಮಾತು ಮುಗಿಯಿತು.

ಪ್ಯಾಕಿಂಗ್‌ನವರ 900 ರೂಪಾಯಿಯನ್ನು ಜುಲೈ ಸಂಬಳದಲ್ಲಿ ಬಾಕಿ ಎಂದು ತೋರಿಸಿ ಕೊಟ್ಟೆವು. ಸಾಫ್ಟ್‌ವೇರ್ ಬಂದ ದಿನದಿಂದ ಯಾರ್ಯಾರಿಗೆ ಭಾನುವಾರ ಸೇರಿ ಕಟ್ ಆಗಿತ್ತೋ ಅವರದ್ದನ್ನೂ ಹುಡುಕಿ ತೀರಿಸಿದೆವು. ಹುಡುಕುವುದು ಕಷ್ಟವಿರಲಿಲ್ಲ. ಶನಿವಾರ ಮತ್ತು ಸೋಮವಾರ ಎರಡೂ ದಿನ ಗೈರಾದವರ ಹೆಸರು ಸೋಸಿದರೆ ಸಾಕಿತ್ತು.

ಫೆಬ್ರವರಿ ಸಂಬಳ ಆದ ಮೇಲೆ ಅವರು ಮತ್ತೆ ಬಂದರು, ಮತ್ತೆ ಪೆನ್ಸಿಲ್ ಲೆಕ್ಕದೊಂದಿಗೆ. ಒಂದು ದಿನದ ಎಲ್‌ಓಪಿಗೆ 975 ಯಾಕೆ ಹಿಡಿದಿರಿ ಎಂಬ ಪ್ರಶ್ನೆ. ಕೆಲಸದ ದಿನ 24 ಎಂದು ಭಾಗಿಸಿ ತೋರಿಸಿದೆ. "ಮಾರ್ಚಲ್ಲಿ ಎಷ್ಟಾಗತ್ತೆ?" ಅಂದರು. 27 ದಿನ, ಸುಮಾರು 867 ಅಂದೆ. ಸ್ಲಿಪ್ ಮಡಚಿ ಜೇಬಿಗಿಟ್ಟುಕೊಂಡು, "ಮೊದ್ಲೇ ಹೇಳಿದ್ರೆ ಮದುವೆಗೆ ಹೋಗೋದು ಬಿಟ್ಟು ನಾಮಕರಣಕ್ಕೆ ಹೋಗ್ತಿದ್ದೆ ಸಾರ್" ಎನ್ನುತ್ತ ಹೊರಟರು.