ಹೆಸರು ಮುಚ್ಚಿ ಓದಿದಾಗ

ನೇಮಕಾತಿ ಮಾಡುವ ಇಬ್ಬರು ಬೇರೆ ಬೇರೆ ದಿನ ಒಂದೇ ಮಾತು ಹೇಳಿದರು: "ನಿಮ್ಮ ಪರಿಚಯ ಓದಿದರೆ ನಮ್ಮದೇ ಜಾಹೀರಾತು ನಮಗೆ ತಿರುಗಿ ಬಂದಂತಿದೆ." ಸಿಟ್ಟು ಬಂತು. ರಾತ್ರಿ ಲಿಂಕ್ಡ್‌ಇನ್ ತೆರೆದು, ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಓದಿದೆ. "ಎರಕದ ತಪಾಸಣೆ, ದಾಖಲೆ ನಿರ್ವಹಣೆ, ತಂಡದ ಸಮನ್ವಯದ ಜವಾಬ್ದಾರಿ." ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಯಾವ ಫೌಂಡ್ರಿಯ ತಪಾಸಕನಾದರೂ ಇದನ್ನು ತನ್ನದೆನ್ನಬಹುದು. ಆಗಲೇಬೇಕು, ನೇಮಕಾತಿ ಪತ್ರದಿಂದ ಎತ್ತಿದ್ದಲ್ಲವೇ!

"ಜವಾಬ್ದಾರಿ"ಯನ್ನು ಅಳಿಸಿ, ನಿಜವಾಗಿ ಮಾಡಿದ ಒಂದು ಕೆಲಸ ಬರೆದೆ: "ಮಳೆಗಾಲದಲ್ಲಿ ಪಂಪಿನ ಎರಕಗಳಲ್ಲಿ ಗಾಳಿಗುಳ್ಳೆಗಳು ಹೆಚ್ಚಿದವು. ತಿರಸ್ಕೃತ ಎರಕಗಳನ್ನು ಪಾಳಿವಾರು ಜೋಡಿಸಿದಾಗ ಹೆಚ್ಚಿನವು ಬೆಳಗಿನ ಪಾಳಿಯವು ಎಂದು ತಿಳಿಯಿತು. ಬಾಗಿಲ ಬಳಿಯ ಅಚ್ಚಿನ ಮರಳು ರಾತ್ರಿಯಿಡೀ ತೇವ ಹೀರುತ್ತಿತ್ತು. ಕಾದ ಲೋಹ ತಗುಲಿದಾಗ ಆ ತೇವ ಆವಿಯಾಗಿ ಎರಕದೊಳಗೆ ಸಿಕ್ಕಿಕೊಳ್ಳುತ್ತಿತ್ತು. ಮರಳಿನ ರಾಶಿಯನ್ನು ಒಳಗೆ ಸರಿಸಿ, ಪಾಳಿಯ ಆರಂಭದಲ್ಲೇ ತೇವಾಂಶ ಅಳೆಯತೊಡಗಿದೆ."

ತಿರಸ್ಕಾರ ಇಷ್ಟು ಶೇಕಡಾ ಇಳಿಯಿತು ಎಂದೂ ಸೇರಿಸಿದ್ದೆ, ಆಮೇಲೆ ತೆಗೆದೆ. ಅದೇ ತಿಂಗಳು ಕುಲುಮೆಯವರೂ ಲೋಹ ಸುರಿಯುವ ತಾಪಮಾನ ಬದಲಿಸಿದ್ದರು. ಸಂದರ್ಶನದಲ್ಲಿ ಯಾರಾದರೂ ಕೆದಕಿದರೆ ಆ ಅಂಕಿ ನಿಲ್ಲುತ್ತಿರಲಿಲ್ಲ.

ಲಿಂಕ್ಡ್‌ಇನ್‌ನ ಪರಿಚಯ ವಿಭಾಗದಲ್ಲಿ 2,600 ಅಕ್ಷರಗಳಿಗೆ ಅವಕಾಶವಿದೆ, ಆದರೆ ಒತ್ತಿ ತೆರೆಯುವ ಮುನ್ನ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ಹಾಗಾಗಿ ಮಳೆಗಾಲವೇ ಮೇಲಕ್ಕೆ ಬಂತು, ಪ್ರಮಾಣಪತ್ರಗಳು ಕೆಳಗಿಳಿದವು.

ಬೆಳಿಗ್ಗೆ ಮೋಲ್ಡಿಂಗ್ ವಿಭಾಗದ ಹಿರಿಯರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಸಾಹೇಬರೇ, ಮರಳು ಸರಿಸಿದ್ದು ನಾವಲ್ಲವೇ?" ಎಂದರು. "ಸರಿಸಿ" ಈಗ "ಮೋಲ್ಡಿಂಗ್ ತಂಡದವರಿಂದ ಸರಿಸಿಸಿ" ಎಂದಾಗಿದೆ.