ಪಂಚ್ ಸಮಯ ಮತ್ತು ಬಟವಾಡೆ: ಮೇ ತಿಂಗಳ ಟಿಪ್ಪಣಿ

ಕುಶಾಲನಗರದ ಹೊರವಲಯದ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ನಾನು ಹಾಜರಿ ಮತ್ತು ಬಟವಾಡೆಯ ಲೆಕ್ಕ ನೋಡಿಕೊಳ್ಳುತ್ತೇನೆ. ಬೆರಳಚ್ಚಿನ ಯಂತ್ರ ನಿಮಿಷ ನಿಮಿಷವನ್ನೂ ದಾಖಲಿಸುತ್ತದೆ, ಆದರೆ ಕೂಲಿ ಲೆಕ್ಕ ಹಾಕುವಾಗ ತಂತ್ರಾಂಶ ಪ್ರತಿ ಪಂಚನ್ನೂ ಹತ್ತಿರದ ಕಾಲು ಗಂಟೆಗೆ ಸರಿಸುತ್ತದೆ. ಈ ಹಂಗಾಮಿನಲ್ಲಿ ಮೂಲ ಸಮಯ ಮತ್ತು ಸರಿಸಿದ ಸಮಯ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಕೈಗೆತ್ತಿಕೊಂಡೆ. ದಿನಕ್ಕೆ 96 ಕಾಲು ಗಂಟೆಗಳಿರುವುದರಿಂದ ಸೂತ್ರ ಚಿಕ್ಕದು:

```
=ROUND(B2*96,0)/96
```

ಕಾಲು ಗಂಟೆಯ ಗೆರೆ ದಾಟಿ ಏಳು ನಿಮಿಷದವರೆಗೆ ಹಿಂದಕ್ಕೆ, ಎಂಟರಿಂದ ಮುಂದಕ್ಕೆ. ಹಿಂದೆ ಹೋಗುವ ನಿಮಿಷಗಳನ್ನು ಕೂಡಿದರೆ 28, ಮುಂದೆ ಹೋಗುವವನ್ನು ಕೂಡಿದರೂ 28. ಹಾಗಾಗಿ ಜನ ಯಾವ ನಿಮಿಷದಲ್ಲಾದರೂ ಬಂದು ಹೋಗುವುದಾದರೆ ಕೊನೆಗೆ ಯಾರಿಗೂ ನಷ್ಟವಿಲ್ಲ. ತಂತ್ರಾಂಶ ಮಾರಿದವರು ಹೇಳಿದ್ದೂ ಇದನ್ನೇ. ಆದರೆ ನಮ್ಮ ಜನ ಯಾವ ನಿಮಿಷದಲ್ಲಾದರೂ ಬರುವುದಿಲ್ಲ, ಬಸ್ಸು ಬಂದಾಗ ಬರುತ್ತಾರೆ.

ಇಬ್ಬರ ಸಾಲುಗಳನ್ನು ನೋಡಿ. ಪಾಳಿ ಎಂಟರಿಂದ ಐದು, ಊಟಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ, ಅಂದರೆ 48 ಗಂಟೆ. ಕಪ್ಪು, ಒಡಕು ಬೀಜ ಆರಿಸುವ ಅಕ್ಕ ಸುಂಟಿಕೊಪ್ಪ ಕಡೆಯ ಬಸ್ಸಿನಲ್ಲಿ ಬಂದು 7.53ಕ್ಕೆ ಬೆರಳು ಒತ್ತುತ್ತಾರೆ. ಲೆಕ್ಕದಲ್ಲಿ ಅದು 8.00. ಸಂಜೆ ಕೊನೆಯ ತಟ್ಟೆ ಖಾಲಿ ಮಾಡಿ 5.06ಕ್ಕೆ ಹೊರಡುತ್ತಾರೆ, ಅದು 5.00. ಚೀಲ ಹೊಲಿಯುವ ಹುಡುಗ ಬೈಕಿನಲ್ಲಿ 8.05ಕ್ಕೆ ಬರುತ್ತಾನೆ, ಅದು 8.00. ಅವನು 5.08ಕ್ಕೆ ಹೊರಟರೆ 5.15. ಆಕೆ ದಿನಕ್ಕೆ 13 ನಿಮಿಷ ಕಳೆದುಕೊಂಡರು, ಅವನು 12 ನಿಮಿಷ ಪಡೆದ. ಒಟ್ಟು ಮೊತ್ತ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಅವನಿಗಿಂತ ಹತ್ತು ನಿಮಿಷ ಹೆಚ್ಚು ಹೊತ್ತು ಇದ್ದವರಿಗೆ ಅವನಿಗಿಂತ ಹದಿನೈದು ನಿಮಿಷ ಕಡಿಮೆ ಕೂಲಿ! ಇದೇ ನನ್ನನ್ನು ಕಾಡುತ್ತಿರುವುದು. ಸರಾಸರಿ ಸಮವಾಗುವುದು ಘಟಕದ ಮಟ್ಟಿಗೆ; ಒಬ್ಬೊಬ್ಬರ ಮಟ್ಟಿಗೆ ಅದೇ ತಪ್ಪು ಪ್ರತಿದಿನ ಅದೇ ದಿಕ್ಕಿಗೆ ಬೀಳುತ್ತದೆ.

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಂದು ಬಸ್ಸು ಸ್ವಲ್ಪ ಬೇಗ ಮುಟ್ಟತೊಡಗಿತು. ಆಗ ಅದೇ ಅಕ್ಕನ ಪಂಚ್ 7.52 ಆಯಿತು. ಒಂದೇ ನಿಮಿಷದ ವ್ಯತ್ಯಾಸಕ್ಕೆ ಅದು 7.45ಕ್ಕೆ ಜಾರಬೇಕಿತ್ತು. ಆದರೆ ಪಾಳಿಗೆ ಮೊದಲಿನ ಹೊತ್ತನ್ನು ಎಣಿಸಬಾರದು ಎಂಬ ಇನ್ನೊಂದು ಆಯ್ಕೆ ತಂತ್ರಾಂಶದಲ್ಲಿ ಚಾಲೂ ಇರುವುದರಿಂದ ಲೆಕ್ಕ 8.00ರಲ್ಲೇ ನಿಂತಿತು. ಅಂದರೆ ಬೇಗ ಬಂದವರಿಗೆ ಸಿಗಬಹುದಾದ ಲಾಭದ ಬಾಗಿಲು ಮುಚ್ಚಿದೆ, ಸಂಜೆಯ ನಷ್ಟದ ಬಾಗಿಲು ತೆರೆದಿದೆ. ಎರಡೂ ನಿಯಮ ಒಟ್ಟಿಗೆ ಇರುವಾಗ ‘ಹತ್ತಿರದ ಕಾಲು ಗಂಟೆ’ ಎಂಬುದು ನಿಷ್ಪಕ್ಷಪಾತವಾಗಿ ಉಳಿಯುವುದಿಲ್ಲ.

ಬೆಳಗಿನ ಏಳು ನಿಮಿಷದ ಬಗ್ಗೆ ವಾದ ಮಾಡಬಹುದು. ಆ ಹೊತ್ತಿನಲ್ಲಿ ಬಹುತೇಕರು ಟೀ ಕುಡಿಯುತ್ತಾ ಕುಳಿತಿರುತ್ತಾರೆ. ಹಾಗಾಗಿ ಅದನ್ನು ಬಿಟ್ಟೇ ಲೆಕ್ಕ ಹಾಕಿದೆ. ಸಂಜೆಯ ಆರು ನಿಮಿಷ ಮಾತ್ರ ಅಪ್ಪಟ ಕೆಲಸ. ವಾರಕ್ಕೆ ಅದು 36 ನಿಮಿಷ, ಗಂಟೆಗೆ 60 ರೂಪಾಯಿಯಂತೆ 36 ರೂಪಾಯಿ. ಆದರೆ ಪಾಳಿಯೇ 48 ಗಂಟೆ ತುಂಬಿಸಿಬಿಡುವುದರಿಂದ ಈ ನಿಮಿಷಗಳೆಲ್ಲ ಅದರಾಚೆಗಿನವು. 48 ಗಂಟೆ ಮೀರಿದ ಕೆಲಸಕ್ಕೆ ಎರಡರಷ್ಟು ದರ ಎಂಬುದು 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಮಿನಿಂದ ಬಂದ ನಿಯಮ. ಆ ದರದಲ್ಲಿ ವಾರಕ್ಕೆ 72 ರೂಪಾಯಿ, 17 ವಾರಗಳ ಹಂಗಾಮಿಗೆ 1,224 ರೂಪಾಯಿ. ಒಂದು ವಾರದ ಚೀಟಿಯಲ್ಲಿ ಯಾರ ಕಣ್ಣಿಗೂ ಬೀಳದ ಮೊತ್ತ, ಹಂಗಾಮು ಮುಗಿಯುವಾಗ ಆಕೆಯ ಎರಡೂವರೆ ದಿನದ ಕೂಲಿ.

ಈ ಕಾಲು ಗಂಟೆಯ ಪದ್ಧತಿಯನ್ನು ಅಮೆರಿಕದ ಕಾರ್ಮಿಕ ನಿಯಮಾವಳಿ ಒಪ್ಪುತ್ತದೆ. ಆದರೆ ಕಾಲಾಂತರದಲ್ಲಿ ನೌಕರರಿಗೆ ದುಡಿದ ಹೊತ್ತಿನ ಪೂರ್ತಿ ಕೂಲಿ ಸಿಗಬೇಕು ಎಂಬ ಷರತ್ತು ಅದರಲ್ಲೇ ಇದೆ. ಊಟದ ವಿರಾಮದ ಪಂಚುಗಳನ್ನು ಹೀಗೆ ಸರಿಸುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿತು. ನಮ್ಮಲ್ಲಿ ಊಟಕ್ಕೆ ಪಂಚ್ ಇಲ್ಲದಿರುವುದು ಒಳ್ಳೆಯದೇ ಆಯಿತು: 1.07ಕ್ಕೆ ಹೋಗಿ 1.38ಕ್ಕೆ ಬಂದರೆ 31 ನಿಮಿಷದ ವಿರಾಮ 45 ನಿಮಿಷವಾಗುತ್ತಿತ್ತು.

ಈಗ ಹಾಳೆಯಲ್ಲಿ ಮೂರನೇ ಕಂಬಸಾಲು ಸೇರಿಸಿದ್ದೇನೆ. ದಿನದ ನಿಮಿಷಗಳನ್ನು ಇದ್ದಂತೆಯೇ ಕೂಡಿ, ವಾರದ ಮೊತ್ತವನ್ನು ಮಾತ್ರ ಒಂದು ಸಲ ಕಾಲು ಗಂಟೆಗೆ ಸರಿಸುವುದು. ಆಗ ತಪ್ಪು ಎಷ್ಟಾದರೂ ವಾರಕ್ಕೆ ಏಳೂವರೆ ನಿಮಿಷ ಮೀರುವುದಿಲ್ಲ, ಮತ್ತು ವಾರದಿಂದ ವಾರಕ್ಕೆ ದಿಕ್ಕು ಬದಲಾಗುತ್ತಾ ಇರುತ್ತದೆ. ಮ್ಯಾನೇಜರರಿಗೆ ಎರಡೂ ಪಟ್ಟಿ ತೋರಿಸಿದಾಗ ಅವರು ಮೊದಲು ಕೇಳಿದ್ದು, “ಒಟ್ಟು ಖರ್ಚು ಎಷ್ಟು ಏರುತ್ತದೆ?” ಎಂದು. ಬೈಕಿನವರಿಗೆ ಹೋಗುತ್ತಿದ್ದ ನಿಮಿಷಗಳು ಬಸ್ಸಿನವರಿಗೆ ಬರುವುದರಿಂದ ಏರಿಕೆ ಅಲ್ಪವೇ. ಜೂನ್ ಬಟವಾಡೆಗಳನ್ನು ಎರಡೂ ರೀತಿಯಲ್ಲಿ ತಯಾರಿಸಲು ಅವರು ಒಪ್ಪಿದ್ದಾರೆ. ಸಂಜೆ ಪಂಚ್ ಮಾಡಲು ಮರೆತವರಿಗೆ ಕೈಯಿಂದ 5.00 ಎಂದು ತುಂಬುವ ರೂಢಿಯನ್ನು ಏನು ಮಾಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.