ಹತ್ತು ಎಂಎಂ ಪಿನ್ ತೆಗೆದು ಹನ್ನೆರಡರ ಬೋಲ್ಟ್ ಹಾಕಿದ ದಿನ

ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಶು ಆಹಾರ ಮಾಡುವ ಘಟಕದಲ್ಲಿ ನಾನು ಮೆಂಟೆನೆನ್ಸ್ ನೋಡುತ್ತಿದ್ದಾಗಿನ ಮಾತು. ಹಿಂಡಿ ಎತ್ತುವ ಸ್ಕ್ರೂ ಕನ್ವೇಯರ್‌ಗೆ 7.5 ಕಿಲೋವಾಟ್ ಮೋಟರ್. ಗೇರ್‌ಬಾಕ್ಸ್ ದಾಟಿ ಬಂದಾಗ ಶಾಫ್ಟ್ ನಿಮಿಷಕ್ಕೆ 48 ಸುತ್ತು. ನಡುವೆ ಎರಡು ಫ್ಲ್ಯಾಂಜ್, ಅವನ್ನು ಹಿಡಿದಿಡಲು ಒಂದೇ ಒಂದು ಶಿಯರ್ ಪಿನ್, ಲೋಡ್ ಮಿತಿ ಮೀರಿದರೆ ತಾನು ಕತ್ತರಿಸಿ ಹೋಗಿ ಉಳಿದದ್ದನ್ನು ಕಾಪಾಡುವಂಥದ್ದು. 10 ಎಂಎಂ, ಮೈಲ್ಡ್ ಸ್ಟೀಲ್.

ಅವತ್ತು ಸೆಕೆಂಡ್ ಶಿಫ್ಟ್‌ನಲ್ಲಿ ಪಿನ್ ಮೂರು ಸಲ ಹೋಯಿತು. ಮೂರನೇ ಸಲ ಸ್ಟೋರ್‌ನಲ್ಲಿ ಪಿನ್ ಖಾಲಿ. ಇಂಡೆಂಟ್ ಹಾಕಿ ಎರಡು ವಾರ ಆಗಿತ್ತು, ಸಹಿ ಆಗಿರಲಿಲ್ಲ. ಆ ಕಡೆ ಪ್ರೊಡಕ್ಷನ್‌ನವರು ಐದು ನಿಮಿಷಕ್ಕೊಂದು ಫೋನ್. ನಾನು ಏನು ಮಾಡಿದೆ ಅಂದರೆ, ರಂಧ್ರವನ್ನು 12ಕ್ಕೆ ಕೊರೆಸಿ, 8.8 ಗ್ರೇಡ್‌ನ ಹೈ ಟೆನ್ಸೈಲ್ ಬೋಲ್ಟ್ ಒಂದನ್ನು ಹುಡುಕಿ ಹಾಕಿಸಿದೆ. ಥ್ರೆಡ್ ಶಿಯರ್ ಜಾಗಕ್ಕೆ ಬರಬಾರದು, ನಯವಾದ ಶ್ಯಾಂಕೇ ಇರಬೇಕು ಅಂತ ಆರಿಸಿ ಬೇರೆ ಹಾಕಿದ್ದೆ. ಅಷ್ಟು ಬುದ್ಧಿ ಇತ್ತು ನೋಡಿ! ಫಿಟ್ಟರ್ ಅಣ್ಣ ಸುಮ್ನೆ ನನ್ನ ಮುಖ ನೋಡಿದರು. "ಸಾರ್, ಮುರಿದ ತುಂಡು ಒಂದ್ಸಲ ನೋಡಿ" ಅಂದರು. ನಾನು ಅವನ್ನು ಆಗಲೇ ಸ್ಕ್ರ್ಯಾಪ್ ಡಬ್ಬಕ್ಕೆ ಎಸೆದಿದ್ದೆ.

ಎರಡು ದಿನ ಚೆನ್ನಾಗಿ ಓಡಿತು. ಮೂರನೇ ದಿನ ಹಿಂಡಿಯ ಜೊತೆ ಒಂದು ಗೋಣಿಚೀಲ ಒಳಗೆ ಹೋಯಿತು. ಢಬ್ ಅಂತ ಶಬ್ದ, ಮೋಟರ್ ಗುಂಯ್ ಅಂದಿತು. ಎರಡು ಮೂರು ಸೆಕೆಂಡ್ ಇರಬಹುದು. ಓವರ್‌ಲೋಡ್ ರಿಲೇ ಟ್ರಿಪ್ ಆಗುವುದಕ್ಕೆ ಮುಂಚೆ ಒಳಗೆ ಲೋಹ ಜಜ್ಜಿದ ಸದ್ದು. ನನಗೆ ಆಗಲೇ ಗೊತ್ತಾಯಿತು, ಆದರೂ ಗಾರ್ಡ್ ಬಿಚ್ಚಿಸಲು ಮನಸ್ಸು ಬರಲಿಲ್ಲ. ಬಿಚ್ಚಿದರೆ ಬೋಲ್ಟ್‌ಗೆ ಒಂದು ಗೀರೂ ಇಲ್ಲ. ಫ್ಲ್ಯಾಂಜ್ ಜೊತೆ ಸ್ಕ್ರೂ ಶಾಫ್ಟ್ ತಿರುಗಲೆಂದು ನಡುವೆ ಕೂರಿಸುವ ಲೋಹದ ತುಂಡು, ಕೀ, ಅದು ಮಾತ್ರ ಒಂದು ಬದಿ ಜಜ್ಜಿ ವಾಲಿಕೊಂಡಿತ್ತು, ಅದು ಕೂರುವ ಗಾಡಿ, ಕೀವೇ, ಬಾಯಿ ಬಿಟ್ಟಿತ್ತು.

ಲೆಕ್ಕ ಆಮೇಲೆ ಮಾಡಿದೆ. ಮೊದಲೇ ಮಾಡಿದ್ದರೆ ಹತ್ತು ನಿಮಿಷದ ಕೆಲಸ.

```
T = 9550 × 7.5 / 48 ≈ 1490 N·m
F = 1490 / 0.08 ≈ 18600 N
```

ಶಾಫ್ಟ್ ಮಧ್ಯದಿಂದ ಪಿನ್‌ಗೆ 80 ಎಂಎಂ, ಅದಕ್ಕೇ 0.08. ಪೂರ್ತಿ ಲೋಡ್‌ನಲ್ಲಿ ಪಿನ್ ಮೇಲೆ ಬೀಳುವುದು ಸುಮಾರು 18,600 ನ್ಯೂಟನ್. 10ರ ಮೈಲ್ಡ್ ಸ್ಟೀಲ್ ಪಿನ್ ಕತ್ತರಿಸಲು ಸುಮಾರು 24,000 ಬೇಕು, ಅಂದರೆ ಲೋಡ್ 1.3 ಪಟ್ಟು ಆದಾಗ ಅದು ಹೋಗುತ್ತದೆ. ಹೋಗಲಿ ಅಂತಲೇ ಇಟ್ಟಿರುವುದು. ನಾನು ಹಾಕಿದ ಬೋಲ್ಟ್ ಹೋಗಬೇಕಾದರೆ 54,000 ಬೇಕು, ಹತ್ತಿರ ಹತ್ತಿರ 2.9 ಪಟ್ಟು. ಇಂಥ ಮೋಟರ್ ಎಷ್ಟೇ ತಿಣುಕಿದರೂ ಸಾಮಾನ್ಯವಾಗಿ ಎರಡು, ಎರಡೂವರೆ ಪಟ್ಟು ಕೊಡುತ್ತದೆ. ಹಾಗಾಗಿ ಬೋಲ್ಟ್ ಮುರಿಯುವ ಮಾತೇ ಇರಲಿಲ್ಲ. ಭಾರ ಮುಂದಿನ ಬಡವನ ಮೇಲೆ ಹೋಯಿತು, ಅದೇ ಕೀ.

ಕೀ ಕತ್ತರಿಸಿ ಹೋಗಿರುತ್ತದೆ ಅಂದುಕೊಂಡಿದ್ದೆ, ಅದೂ ತಪ್ಪು. 14 ಅಗಲ, 9 ಎತ್ತರದ ಕೀ. ಕತ್ತರಿಸಲು ಪೂರ್ತಿ 14 ಎಂಎಂ ಅಗಲ ಅಡ್ಡ ಬರುತ್ತದೆ, ಆದರೆ ಪಕ್ಕದಿಂದ ಒತ್ತುವಾಗ ಹೊರುವುದು ಅರ್ಧ ಎತ್ತರ, ನಾಲ್ಕೂವರೆ ಎಂಎಂ ಅಷ್ಟೇ. ಆದ್ದರಿಂದ ಒತ್ತಡ ಶಿಯರ್‌ಗಿಂತ ಮೂರು ಪಟ್ಟು ಜಾಸ್ತಿ. ಮೇಲಾಗಿ ಹಿಂದೆ ಯಾರೋ ಪುಣ್ಯಾತ್ಮರು 90 ಉದ್ದದ ಬದಲು 60ರ ತುಂಡು ಹಾಕಿದ್ದರು.

ಮರುದಿನ ಸ್ಕ್ರ್ಯಾಪ್ ಡಬ್ಬ ತಡಕಿ ಆ ಮೂರು ಪಿನ್‌ಗಳನ್ನು ಹುಡುಕಿದೆವು. ನಿಜವಾಗಿ ಲೋಡ್‌ಗೆ ಕತ್ತರಿಸಿದ್ದರೆ ತುಂಡು ನೆಟ್ಟಗಿರುತ್ತದೆ, ಮುಖ ಚಪ್ಪಟೆಯಾಗಿ ಸವರಿದ ಹಾಗೆ ಇರುತ್ತದೆ. ಇವು ಮೂರೂ ಬಾಳೆಹಣ್ಣಿನ ಹಾಗೆ ಬಾಗಿದ್ದವು. "ಇದು ಕಟ್ ಆಗಿದ್ದಲ್ಲ ಸಾರ್, ಬಗ್ಗಿ ಬಗ್ಗಿ ಸತ್ತಿದ್ದು" ಅಂದರು ಅಣ್ಣ. ಫೀಲರ್ ಗೇಜ್ ತಂದು ಫ್ಲ್ಯಾಂಜ್ ನಡುವೆ ಹಾಕಿದರೆ ಎಲ್ಲ ಬ್ಲೇಡೂ ಒಟ್ಟಿಗೆ ಒಳಗೆ ಹೋದವು! ಐದು ಎಂಎಂ ಸಂದು. ಫ್ಲ್ಯಾಂಜ್‌ನ ಹಬ್ ಅನ್ನು ಶಾಫ್ಟ್ ಮೇಲೆ ಹಿಡಿಯುವ ಗ್ರಬ್ ಸ್ಕ್ರೂ ಸಡಿಲವಾಗಿ ಹಬ್ಬೇ ಹಿಂದೆ ಜಾರಿತ್ತು. ಅಷ್ಟು ಸಂದಿದ್ದರೆ ಪಿನ್ ಕತ್ತರಿಯಲ್ಲಿ ಸಿಕ್ಕ ಹಾಗಲ್ಲ, ಸೇತುವೆಯ ಹಾಗೆ ಬಾಗುತ್ತದೆ. ಮಾಮೂಲಿ ಲೋಡ್‌ಗೇ ಮೈಲ್ಡ್ ಸ್ಟೀಲ್ ಬಗ್ಗಿಬಿಡುತ್ತದೆ. ಪಿನ್ ದುರ್ಬಲ ಅಂತ ನಾನು ತೀರ್ಪು ಕೊಟ್ಟಿದ್ದು ಇದನ್ನೇ ನೋಡಿ.

ಶಾಫ್ಟ್ ಲೇತ್‌ಗೆ ಹೋಯಿತು, ಎರಡು ದಿನ ಲೈನ್ ನಿಂತಿತು. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ, ರಿಲೇ ಯಾಕೆ ಕಾಪಾಡಲಿಲ್ಲ ಅಂತ. ರಿಲೇ ಬಿಸಿಯಾಗಿ ಟ್ರಿಪ್ ಆಗಲು ಕೆಲವು ಸೆಕೆಂಡ್ ಬೇಕು, ಕೀಗೆ ಅಷ್ಟು ಹೊತ್ತೇ ಸಾಕು ಅಂತ ಹೇಳಿದೆ. ಇಂಡೆಂಟ್ ವಿಷಯ ಎತ್ತಿದಾಗ ಅವರಿಗೆ ಬೇರೆ ಕಾಲ್ ಬಂತು.

ಹೊಸ ಫ್ಲ್ಯಾಂಜ್ ಹಾಕಿ, ಗ್ರಬ್ ಸ್ಕ್ರೂ ಕೂರಲು ಶಾಫ್ಟ್ ಮೇಲೆ ಗುಳಿ ಹೊಡೆದು, ಸಂದು ಒಂದು ಎಂಎಂಗೆ ತಂದು, 90 ಉದ್ದದ ಕೀ ಕೂರಿಸಿ, ಮತ್ತೆ 10ರ ಪಿನ್ ಹಾಕಿದೆವು. ಆಮೇಲೆ ಐದು ತಿಂಗಳಲ್ಲಿ ಒಂದೇ ಸಲ ಹೋಯಿತು. ಒಳಗೆ ಒಂದು ಸಲಿಕೆ ಹಿಡಿ ಸಿಕ್ಕಿತ್ತು, ತುಂಡು ನೆಟ್ಟಗೆ ಚಪ್ಪಟೆಯಾಗಿ ಕತ್ತರಿಸಿತ್ತು.

ಆ ಇಂಡೆಂಟ್ ಕೊನೆಗೂ ಪಾಸಾಗಿ ಪಿನ್ ಬಂದವು. ಅಣ್ಣ ಒಂದಕ್ಕೆ ಅರ ಹಾಕಿ ನೋಡಿದರು, ಸರಿಯಾಗಿ ಕಚ್ಚಲೇ ಇಲ್ಲ. ಇನ್ನೊಂದರ ತುದಿಯಲ್ಲಿ ಥ್ರೆಡ್‌ನ ಗುರುತು ಉಳಿದಿತ್ತು. ಹೈ ಟೆನ್ಸೈಲ್ ಬೋಲ್ಟ್‌ಗಳ ತಲೆ ಕತ್ತರಿಸಿ ಕಳಿಸಿದ್ದರು.